ಗೋಲಗುಮ್ಮಟದ ಆಕಾಶ ನುಂಗಿದ ಟೈಲ್‌ಗಳು

1989ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರಕ್ಕಾಗಿ ನಾನು ಬರೆಯುತ್ತಿರುವ ಆಟದ ಮೊದಲ ಪರದೆಯಲ್ಲಿ ನಮ್ಮ ವಿಜಯಪುರದ ಗೋಲಗುಮ್ಮಟದ ಫೋಟೋ ಇರಬೇಕೆಂದು ನಿಶ್ಚಯಿಸಿದಾಗ, ಕಷ್ಟವೆಲ್ಲ ಗುಮ್ಮಟದ ಕಮಾನು, ಮಿನಾರುಗಳಿಂದಲೇ ಬರುತ್ತದೆಂದು ಭಾವಿಸಿದ್ದೆ. ಆದರೆ ಟೈಲ್‌ಗಳನ್ನು ವ್ಯರ್ಥವಾಗಿ ನುಂಗಿದ್ದು ಮೇಲಿನ ಬರಿದಾದ ಆಕಾಶ.

ಆ ಯಂತ್ರದ ಪರದೆ 160 ಪಿಕ್ಸೆಲ್ ಅಗಲ, 144 ಪಿಕ್ಸೆಲ್ ಎತ್ತರವಿದ್ದು, ಅದರಲ್ಲಿ ಮೂಡುವುದು ನಾಲ್ಕೇ ಛಾಯೆಗಳು. ಚಿತ್ರವನ್ನು ಅದು ಪಿಕ್ಸೆಲ್‌ಗಳಾಗಿ ಅಲ್ಲ, 8×8 ಪಿಕ್ಸೆಲ್‌ಗಳ ಟೈಲ್‌ಗಳಾಗಿ ಇಟ್ಟುಕೊಳ್ಳುತ್ತದೆ. ಪರದೆಯಲ್ಲಿ 20×18, ಅಂದರೆ 360 ಮನೆಗಳಿವೆ. ಪ್ರತಿ ಮನೆಗೆ ಯಾವ ಟೈಲ್ ಎಂಬುದನ್ನು ಒಂದೇ ಬೈಟ್‌ನಲ್ಲಿ ಬರೆಯುವುದರಿಂದ ಒಮ್ಮೆಗೆ 256 ಬಗೆಯ ಟೈಲ್‌ಗಳನ್ನು ಮಾತ್ರ ಬಳಸಲು ಸಾಧ್ಯ. ಪರದೆ ಮೂಡುತ್ತಿರುವಾಗಲೇ ನಡುವೆ ಟೈಲ್‌ಗಳ ವಿಳಾಸ ಬದಲಿಸಿ 360 ಬೇರೆ ಬೇರೆ ಟೈಲ್‌ಗಳನ್ನು ತೋರಿಸುವ ಉಪಾಯವೂ ಉಂಟು. ಆದರೆ ಟೈಲ್ ಸ್ಮೃತಿಯಲ್ಲಿರುವುದೇ 384 ಟೈಲ್‌ಗಳ ಜಾಗವಾದ್ದರಿಂದ, ಆಗ ಆಟದ ಉಳಿದ ಚಿತ್ರಗಳಿಗೆ 24 ಮಾತ್ರ ಉಳಿಯುತ್ತವೆ. ಆದ್ದರಿಂದ ಆ ದಾರಿಯನ್ನು ನಾನು ಹಿಡಿಯಲಿಲ್ಲ.

ಒತ್ತಕ್ಷರವಿರುವ ಕನ್ನಡ ಪದ ಎಂಟು ಪಿಕ್ಸೆಲ್ ಎತ್ತರದಲ್ಲಿ ಓದುವಂತೆ ಮೂಡುವುದಿಲ್ಲ. ಹಾಗಾಗಿ ಕೆಳಗಿನ ಎರಡು ಸಾಲುಗಳನ್ನು ಆಟದ ಹೆಸರು ಬರೆಯಲು ಬಿಟ್ಟು, ಅಕ್ಷರಗಳಿಗೆ 20 ಮತ್ತು ಖಾಲಿ ಜಾಗಕ್ಕೆ ಒಂದು ಟೈಲ್ ತೆಗೆದಿಟ್ಟೆ. ಫೋಟೋಗೆ ಉಳಿದದ್ದು 320 ಮನೆ, 235 ಟೈಲ್.

ಫೋಟೋವನ್ನು ಮೊದಲು 160×128ಕ್ಕೆ ಇಳಿಸಿ, ಆಮೇಲೆ ಡಿದರಿಂಗ್ ಮಾಡಬೇಕು, ಅಂದರೆ ಇರುವ ನಾಲ್ಕೇ ಛಾಯೆಗಳ ಚುಕ್ಕಿಗಳನ್ನು ಬೆರೆಸಿ ನಡುವಿನ ಛಾಯೆಗಳು ಕಾಣುವಂತೆ ಮಾಡಬೇಕು. ಈ ಕ್ರಮ ತಿರುವುಮುರುವಾದರೆ ಚುಕ್ಕಿಗಳ ವಿನ್ಯಾಸ ಕಲಸಿಹೋಗುತ್ತದೆ. ಒಂದು ಪಿಕ್ಸೆಲ್‌ನ ತಪ್ಪನ್ನು ನೆರೆಯ ಪಿಕ್ಸೆಲ್‌ಗಳಿಗೆ ಹಂಚುವ ವಿಧಾನ ನೋಡಲು ಸೊಗಸಾಗಿದ್ದರೂ ಅದರಲ್ಲಿ ಒಂದು ಟೈಲ್ ಇನ್ನೊಂದನ್ನು ಹೋಲುವುದೇ ಅಪರೂಪ. ಆರ್ಡರ್ಡ್ ಡಿದರಿಂಗ್‌ನಲ್ಲಿ, ಯಾವ ಹೊಸ್ತಿಲು ದಾಟಿದರೆ ಪಿಕ್ಸೆಲ್ ತಿಳಿಯಾಗಬೇಕೆಂದು ಹೇಳುವ ಬೇಯರ್‌ನ 4×4 ಕೋಷ್ಟಕವು ಪರದೆಯುದ್ದಕ್ಕೂ ಮರುಕಳಿಸುತ್ತದೆ. ನಾಲ್ಕು ಎಂಟನ್ನು ಸರಿಯಾಗಿ ಭಾಗಿಸುವುದರಿಂದ ಪ್ರತಿ ಟೈಲ್‌ನ ಮೂಲೆಯಲ್ಲೂ ಕೋಷ್ಟಕ ಮೊದಲಿನಿಂದಲೇ ಆರಂಭವಾಗುತ್ತದೆ, ಮತ್ತು ಒಂದೇ ಬೂದು ಮಟ್ಟದ ಎರಡು ಮನೆಗಳು ಚಾಚೂ ತಪ್ಪದೆ ಒಂದೇ ಟೈಲ್ ಆಗುತ್ತವೆ.

```python
M = [[0, 8, 2, 10], [12, 4, 14, 6],
     [3, 11, 1, 9], [15, 7, 13, 5]]
t = g * 3 / 255
b = int(t)
p = b + (t - b > (M[y & 3][x & 3] + 0.5) / 16)
```

ಇಲ್ಲಿ `x`, `y` ಪಿಕ್ಸೆಲ್‌ನ ಸ್ಥಾನ, `g` ಎಂಬುದು ಅದರ 0ಯಿಂದ 255ರವರೆಗಿನ ಬೂದು ಮಟ್ಟ; `p` ಹೆಚ್ಚಿದಷ್ಟೂ ಛಾಯೆ ತಿಳಿಯಾಗುತ್ತದೆ. ಪೂರ್ತಿ ಸಮತಟ್ಟಾದ ಟೈಲ್‌ಗಳು ಈ ಲೆಕ್ಕದಲ್ಲಿ 49 ಬಗೆಗಿಂತ ಹೆಚ್ಚಾಗಲಾರವು. ಹೀಗಿರುವಾಗ ಮೋಡವಿಲ್ಲದ ಆಕಾಶಕ್ಕೆ ಬೆರಳೆಣಿಕೆಯ ಟೈಲ್ ಸಾಕಾಗಬೇಕಿತ್ತು. ಆದರೆ ನನ್ನ ಫೋಟೋದಲ್ಲಿ ಆಕಾಶವೇ ತುಂಬಿದ 80 ಮನೆಗಳು 70 ಬಗೆಯ ಟೈಲ್‌ಗಳನ್ನು ಹುಟ್ಟಿಸಿ, ಒಟ್ಟು ಲೆಕ್ಕವನ್ನು 300ಕ್ಕೆ ಏರಿಸಿದ್ದವು.

ಎರಡು ಆಕಾಶದ ಟೈಲ್‌ಗಳನ್ನು ದೊಡ್ಡದು ಮಾಡಿ ಪಕ್ಕಪಕ್ಕದಲ್ಲಿಟ್ಟಾಗ ಕಾರಣ ಕಂಡಿತು: ಅವುಗಳ ನಡುವೆ ಒಂದೇ ಪಿಕ್ಸೆಲ್‌ನ ವ್ಯತ್ಯಾಸವಿತ್ತು. ಮಟ್ಟ 200 ಆಗಿದ್ದರೆ `t` 2.353 ಆಗುತ್ತದೆ; ಕೋಷ್ಟಕದಲ್ಲಿ 5 ಇರುವ ಜಾಗದ ಹೊಸ್ತಿಲು 0.344 ಆದ್ದರಿಂದ ಅಲ್ಲಿ ತಿಳಿ ಚುಕ್ಕಿ ಬೀಳುತ್ತದೆ. ಮಟ್ಟ 199ಕ್ಕೆ ಇಳಿದರೆ `t` 2.341 ಆಗಿ ಆ ಚುಕ್ಕಿ ಮಾಯವಾಗುತ್ತದೆ. ಕ್ಯಾಮೆರಾದ ಸಹಜ ಗದ್ದಲಕ್ಕೆ ಒಂದು ಮಟ್ಟದ ಏರಿಳಿತ ಏನೇನೂ ಅಲ್ಲ. ಒಂದು ಟೈಲ್‌ನಲ್ಲಿ ಆ 5 ನಾಲ್ಕು ಕಡೆ ಬರುತ್ತದೆ, ನಾಲ್ಕೂ ಚುಕ್ಕಿಗಳು ತಮ್ಮಷ್ಟಕ್ಕೆ ತಾವು ಬಂದು ಹೋಗಬಲ್ಲವು. ಹೀಗೆ ಕಣ್ಣಿಗೆ ಒಂದೇ ಆಗಿ ಕಾಣುವ ಆಕಾಶದಿಂದ 16 ಬಗೆಯ ಟೈಲ್‌ಗಳು ಹುಟ್ಟುತ್ತವೆ.

ಇದಕ್ಕೆ ಪರಿಹಾರವನ್ನು ಡಿದರಿಂಗ್‌ಗೆ ಮೊದಲೇ ಮಾಡಬೇಕು. ಯಾವ ಮನೆಯಲ್ಲಿ ಅತಿ ತಿಳಿ ಮತ್ತು ಅತಿ ಗಾಢ ಪಿಕ್ಸೆಲ್‌ಗಳ ಅಂತರ 12 ಮಟ್ಟಕ್ಕಿಂತ ಕಡಿಮೆಯಿದೆಯೋ ಅದರ 64 ಪಿಕ್ಸೆಲ್‌ಗಳಿಗೂ ಆ ಮನೆಯ ಸರಾಸರಿಯನ್ನೇ ಕೊಟ್ಟೆ. ಸಮತಟ್ಟಾದ ಒಂದು ಬಗೆಯಿಂದ ಮುಂದಿನದಕ್ಕೆ ಸುಮಾರು ಐದು ಮಟ್ಟಗಳ ಅಂತರವಷ್ಟೇ ಇರುವುದರಿಂದ ಮನೆಗಳ ಅಂಚು ಎದ್ದು ಕಾಣಲಿಲ್ಲ. ಆಕಾಶ 10 ಟೈಲ್‌ಗಳಿಗೆ ಇಳಿಯಿತು, ಒಟ್ಟು 240 ಆಯಿತು. ಈ ಮಿತಿಯನ್ನು 30ಕ್ಕೆ ಏರಿಸಿ ನೋಡಿದಾಗ ಗುಮ್ಮಟದ ಮೈಮೇಲಿನ ನೆರಳೇ ಚೌಕಚೌಕವಾಗಿ ಒಡೆಯಿತು.

ಕಟ್ಟಡದ ಎಡಬಲಗಳು ಒಂದೇ ರೀತಿ ಇವೆಯಲ್ಲ, ಅರ್ಧವನ್ನು ಕನ್ನಡಿಯಂತೆ ತಿರುಗಿಸಬಾರದೇ ಎಂದು ಹಲವರು ಕೇಳುತ್ತಾರೆ. ಮೊದಲ ಗೇಮ್ ಬಾಯ್‌ನಲ್ಲಿ ಹಿನ್ನೆಲೆಯ ಟೈಲ್‌ಗಳನ್ನು ತಿರುಗಿಸಲು ಬರುವುದಿಲ್ಲ. ಆ ಸೌಲಭ್ಯ ಅಲ್ಲಿ ಹಿನ್ನೆಲೆಯ ಮೇಲೆ ಓಡಾಡುವ ಚಿಕ್ಕ ಚಿತ್ರಗಳಾದ ಸ್ಪ್ರೈಟ್‌ಗಳಿಗೆ ಮಾತ್ರ.

ಉಳಿದ ಐದನ್ನು ಕಳೆಯಲು, ಅತಿ ಕಡಿಮೆ ಪಿಕ್ಸೆಲ್ ವ್ಯತ್ಯಾಸವಿರುವ ಜೋಡಿಗಳನ್ನು ಹುಡುಕಿ ಒಂದಾಗಿಸುವಂತೆ ಪ್ರೋಗ್ರಾಂ ಬರೆದೆ. ಅದು ಮೊದಲು ಆರಿಸಿಕೊಂಡದ್ದು ಗುಮ್ಮಟದ ಹೊರಗೆರೆಯ ಎರಡು ಟೈಲ್‌ಗಳನ್ನು. ವ್ಯತ್ಯಾಸ ನಾಲ್ಕೈದು ಪಿಕ್ಸೆಲ್ ಮಾತ್ರವಿದ್ದರೂ ಅವೆಲ್ಲ ಅಂಚಿನ ಮೇಲೆಯೇ ಇದ್ದವು, ಹೀಗಾಗಿ ದುಂಡಗಿನ ಗೆರೆ ಒಂದು ಕಡೆ ಮೆಟ್ಟಿಲಿನಂತೆ ತುಂಡಾಯಿತು. ಕೊನೆಗೆ ಹೊರಗೆರೆಯ ಟೈಲ್‌ಗಳನ್ನೆಲ್ಲ ಬೀಗ ಹಾಕಿಟ್ಟು, ಮುಂದಿನ ಹುಲ್ಲುಹಾಸಿನಲ್ಲಿ ಮಾತ್ರ ಜೋಡಿ ಹುಡುಕಲು ಬಿಟ್ಟೆ. ಅಲ್ಲಿ ಐದು ಟೈಲ್‌ಗಳು ಹೋದವು. ಎಲ್ಲಿ ಹೋದವೆಂದು ಈಗ ಪರದೆಯಲ್ಲಿ ಹುಡುಕಿದರೂ ನನಗೆ ಸಿಗುವುದಿಲ್ಲ.