ಸೈಟಿನಲ್ಲಿ ಉಳಿಸಿದ ಕಾರ್ಡು: ದತ್ತಾಂಶ ಕದ್ದವನ ಕೈಗೆ ಏನು ಸಿಗುತ್ತದೆ?

ಟೋಕನೈಸೇಶನ್ ಎಂದರೆ ಕಾರ್ಡ್ ಸಂಖ್ಯೆಯ ಬದಲು ಇನ್ನೊಂದು ಸಂಖ್ಯೆ ಕೊಡುವುದು ಎಂದಷ್ಟೇ ಬಾಯಿಪಾಠ ಮಾಡಿದರೆ ಸಾಲದು. ಆ ಇನ್ನೊಂದು ಸಂಖ್ಯೆಯನ್ನೂ ಕದಿಯಬಹುದಲ್ಲ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಉತ್ತರಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ.

ಉಪ್ಪಳದ ಒಬ್ಬ ಅಕ್ಕ ಒಂದೇ ಡೆಬಿಟ್ ಕಾರ್ಡನ್ನು ಎರಡು ಸೈಟುಗಳಲ್ಲಿ ಉಳಿಸಿದ್ದಾರೆ ಎಂದುಕೊಳ್ಳಿ: ಒಂದು ಸೀರೆಯದ್ದು, ಇನ್ನೊಂದು ಪುಸ್ತಕದ್ದು. ಉಳಿಸುವಾಗ ಅವರು ಒಪ್ಪಿಗೆ ಕೊಟ್ಟು ಒಟಿಪಿ ಹಾಕಿದರು. ಆಗ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇಯಂಥ ಜಾಲ ಪ್ರತಿ ಸೈಟಿಗೂ ಬೇರೆ ಬೇರೆ ಟೋಕನ್ ಕೊಟ್ಟಿತು. ಅಸಲಿ ಸಂಖ್ಯೆ ಜಾಲದ ಮತ್ತು ಬ್ಯಾಂಕಿನ ಬಳಿ ಮಾತ್ರ ಉಳಿಯಿತು. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ಸೈಟುಗಳು ಪೂರ್ತಿ ಸಂಖ್ಯೆ ಇಟ್ಟುಕೊಳ್ಳುವಂತಿಲ್ಲ. ಕಾರ್ಡಿನ ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರು ಇಟ್ಟುಕೊಳ್ಳಬಹುದು. ಪರದೆಯಲ್ಲಿ ನಮ್ಮ ಕಾರ್ಡನ್ನು ಗುರುತಿಸಲು ಅಷ್ಟು ಸಾಕು.

ಈಗ ಸೀರೆ ಸೈಟಿನ ದತ್ತಾಂಶ ಪೂರಾ ಕಳವಾಯಿತು. ಕಳ್ಳ ಆ ಟೋಕನನ್ನು ಪುಸ್ತಕದ ಸೈಟಿನಲ್ಲಿ ಹಾಕುತ್ತಾನೆ. ಜಾಲ ನಿರಾಕರಿಸುತ್ತದೆ, ಏಕೆಂದರೆ ಟೋಕನಿನ ಜೊತೆ ಅದನ್ನು ಪಡೆದವರು ಯಾರೆಂಬುದೂ ದಾಖಲಾಗಿರುತ್ತದೆ. ಕುಂಬಳೆ–ಕಾಸರಗೋಡು ಎಂದು ಬರೆದ ಕಾಲೇಜಿನ ಕನ್ಸೆಷನ್ ಕಾರ್ಡು ಬದಿಯಡ್ಕದ ಬಸ್ಸಿನಲ್ಲಿ ನಡೆಯದ ಹಾಗೆ. ಸೀರೆ ಸೈಟಿನ ಹೆಸರಿನಲ್ಲೇ ಪ್ರಯತ್ನಿಸಿದರೂ ತಡೆ ಇದೆ. ಪ್ರತಿ ಪಾವತಿಗೂ ಟೋಕನಿನ ಜೊತೆ ಆ ವ್ಯವಹಾರಕ್ಕೆಂದೇ ಹುಟ್ಟುವ ಒಂದು ಗೂಢ ಸಂಕೇತ ಬೇಕು. ಹಳೆಯದು ಇನ್ನೊಮ್ಮೆ ನಡೆಯುವುದಿಲ್ಲ. ಟೋಕನನ್ನು ಲೆಕ್ಕ ಹಾಕಿ ಅಸಲಿ ಸಂಖ್ಯೆ ಹೊರತೆಗೆಯಲೂ ಬರುವುದಿಲ್ಲ. ಅವೆರಡರ ನಂಟು ಜಾಲದ ಭದ್ರ ಕೋಶದಲ್ಲಿ ಮಾತ್ರ ಇರುತ್ತದೆ. ಸೀರೆ ಸೈಟಿನ ಟೋಕನ್ ರದ್ದು ಮಾಡಿದರೆ ಮುಗಿಯಿತು. ಅಕ್ಕನ ಕಾರ್ಡ್ ಬದಲಿಸಬೇಕಿಲ್ಲ, ಪುಸ್ತಕದ ಸೈಟಿನ ಟೋಕನಿಗೂ ಏನೂ ಆಗುವುದಿಲ್ಲ. ನನ್ನ ಮಟ್ಟಿಗೆ ಈ ವ್ಯವಸ್ಥೆಯ ದೊಡ್ಡ ಲಾಭ ಇದೇ.

ಪರೀಕ್ಷೆಗಿಂತ ಹೆಚ್ಚಾಗಿ ಮನೆಯವರಿಗೆ ತಿಳಿಸಬೇಕಾದದ್ದು ಇದರ ಮಿತಿ. ಟೋಕನ್ ಕಾಯುವುದು ಸೈಟಿನಲ್ಲಿ ಉಳಿಸಿಟ್ಟ ವಿವರವನ್ನು. ನಕಲಿ ಪುಟದಲ್ಲಿ ನಾವೇ ಕಾರ್ಡ್ ಸಂಖ್ಯೆ, ಸಿವಿವಿ, ಒಟಿಪಿ ತುಂಬಿದರೆ ಕಳ್ಳನಿಗೆ ಅಸಲಿ ಸಂಖ್ಯೆಯೇ ಸಿಗುತ್ತದೆ. “ನಿಮ್ಮ ಕಾರ್ಡ್ ಟೋಕನ್ ಮಾಡಿಕೊಡುತ್ತೇವೆ” ಎಂದು ಫೋನ್ ಬಂದರೆ ಅದು ಮೋಸ. ಆ ಕೆಲಸ ಪಾವತಿಯ ಪುಟದಲ್ಲೋ ಬ್ಯಾಂಕಿನ ಆ್ಯಪಿನಲ್ಲೋ ಆಗುತ್ತದೆ, ಉಚಿತವಾಗಿ. ಈ ನಿಯಮ ವಿದೇಶಿ ಸೈಟುಗಳನ್ನು ಕಟ್ಟಿಹಾಕುವುದಿಲ್ಲ. ಅಲ್ಲಿ ಕೊಳ್ಳುವುದಿಲ್ಲವಾದರೆ ಬ್ಯಾಂಕ್ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಬಂದ್ ಮಾಡಿಡಿ.

ಯಾವ ಯಾವ ಸೈಟಿಗೆ ನಮ್ಮ ಟೋಕನ್ ಇದೆ ಎಂಬ ಪಟ್ಟಿಯನ್ನು ತೋರಿಸಿ, ಬೇಡವಾದದ್ದನ್ನು ತೆಗೆಯಲು ಕಾರ್ಡ್ ಕೊಟ್ಟ ಬ್ಯಾಂಕ್ ಅವಕಾಶ ಕೊಡಬೇಕು. ಅವಧಿ ಮುಗಿದು ಹೊಸ ಕಾರ್ಡ್ ಬಂದಾಗ ಅದನ್ನು ಸೈಟಿಗೆ ಜೋಡಿಸಲು ಮತ್ತೆ ನಮ್ಮ ಒಪ್ಪಿಗೆ ಬೇಕು.