ಕಾಲು ಮುರಿದರೆ ಸೊನ್ನೆ, ಕಾಲು ಹೋದರೆ 7.5 ಲಕ್ಷ

ಕಳೆದ ವರ್ಷ ಒಬ್ಬರು ಊರುಗೋಲು ಊರಿಕೊಂಡೇ ನನ್ನ ಹತ್ತಿರ ಬಂದಿದ್ದರು. ಮಳೆಯಲ್ಲಿ ಬೈಕ್ ಜಾರಿ ಬಿದ್ದು ತೊಡೆಮೂಳೆ ಮುರಿದಿತ್ತು. ಒಳಗೆ ರಾಡ್ ಹಾಕಿದ್ದರು, ಆಸ್ಪತ್ರೆ ಬಿಲ್ಲು ಸುಮಾರು ಎರಡು ಲಕ್ಷ. ಪಾಲಿಸಿ ತೋರಿಸಿ, "ಸರ್, ಇಲ್ಲಿ ಓನರ್ ಡ್ರೈವರ್ ಪಿಎ 15 ಲಕ್ಷ ಅಂತ ಇದೆ, ಎಷ್ಟು ಬರುತ್ತೆ?" ಅಂದರು.

ಏನೂ ಬರಲ್ಲ ಅಂತ ಹೇಳಬೇಕಾಯಿತು. ಪಿಎ ಅಂದರೆ ಪರ್ಸನಲ್ ಆಕ್ಸಿಡೆಂಟ್, ಗಾಡಿ ಪಾಲಿಸಿಯಲ್ಲಿ ಓಡಿಸುವ ಮಾಲೀಕನಿಗೇ ಇರುವ ಅಪಘಾತ ವಿಮೆ. ಈ ಕವರ್ ಆಸ್ಪತ್ರೆ ಖರ್ಚು ಕೊಡುವುದಿಲ್ಲ. ರಜೆ ಹಾಕಿ ಮನೆಯಲ್ಲಿದ್ದ ಮೂರು ತಿಂಗಳ ಸಂಬಳವನ್ನೂ ಕೊಡುವುದಿಲ್ಲ.

ಕೊಡುವುದು ಕೆಲವೇ ಸಂದರ್ಭಗಳಲ್ಲಿ. ಸಾವಾದರೆ ನಾಮಿನಿಗೆ ಪೂರ್ತಿ 15 ಲಕ್ಷ. ಎರಡು ಕೈಕಾಲು, ಇಲ್ಲವೇ ಎರಡೂ ಕಣ್ಣು, ಇಲ್ಲವೇ ಒಂದು ಕೈ ಅಥವಾ ಕಾಲಿನ ಜೊತೆ ಒಂದು ಕಣ್ಣು ಹೋದರೂ ಅಷ್ಟೇ. ಬೇರೆ ಗಾಯದಿಂದ ಶಾಶ್ವತವಾಗಿ ಪೂರ್ತಿ ಅಂಗವಿಕಲರಾದರೂ ಪೂರ್ತಿ ಹಣ. ಒಂದೇ ಕಾಲು ಅಥವಾ ಒಂದೇ ಕಣ್ಣು ಹೋದರೆ ಅರ್ಧ, ಅಂದರೆ 7.5 ಲಕ್ಷ. ಇದೂ ಗಾಯವಾದ ಆರು ತಿಂಗಳೊಳಗೆ ಆಗಿರಬೇಕು. ಇವರ ಕಾಲು ಸ್ವಲ್ಪ ಗಿಡ್ಡ ಆಗಿತ್ತು, ಕುಂಟು ಉಳಿಯಿತು. ಡಾಕ್ಟರು ಇಷ್ಟು ಪರ್ಸೆಂಟ್ ವೈಕಲ್ಯ ಅಂತ ಬರೆದುಕೊಟ್ಟಿದ್ದರು. ಆದರೆ ಈ ಪಟ್ಟಿಯಲ್ಲಿ ಕುಂಟಿಗೆ ಜಾಗವಿಲ್ಲ. ಆ ಬಿಲ್ಲಿಗೆ ಬೇಕಿದ್ದದ್ದು ಆರೋಗ್ಯ ವಿಮೆ.

ಹಾಗಂತ ಇದು ಸುಮ್ನೆ ಕಟ್ಟುವ ದುಡ್ಡಲ್ಲ. ಎದುರಿಗೆ ಯಾರೂ ಇಲ್ಲದೆ ನೀವೇ ಜಾರಿ ಬಿದ್ದು ಸತ್ತರೆ, ಥರ್ಡ್ ಪಾರ್ಟಿ ಪರಿಹಾರ ಕೇಳಲು ಇನ್ನೊಬ್ಬನ ತಪ್ಪೇ ಇರುವುದಿಲ್ಲ, ಅಲ್ವಾ? ಅಂಥ ಕಡೆ ಮನೆಯವರ ಕೈಗೆ ಬರುವುದು ಈ ಹಣ. 2018ಕ್ಕೆ ಮುಂಚೆ ಬೈಕಿಗೆ ಬರೀ 1 ಲಕ್ಷ, ಕಾರಿಗೆ 2 ಲಕ್ಷ ಇತ್ತು. ಆ ವರ್ಷ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಎಲ್ಲದಕ್ಕೂ 15 ಲಕ್ಷ ಮಾಡಿತು.

ನಾನು ಜಾಸ್ತಿ ಕಂಡಿರುವ ಎಡವಟ್ಟು ಹೆಸರಿನದು. ಆರ್‌ಸಿ ಅಪ್ಪನ ಹೆಸರಲ್ಲಿ, ಪಾಲಿಸಿ ಅಪ್ಪನ ಹೆಸರಲ್ಲಿ, ದಿನಾ ಓಡಿಸುವವನು ಮಗ. ಮಗ ಸತ್ತರೆ ಈ ಕವರ್‌ನಲ್ಲಿ ಬಿಡಿಗಾಸೂ ಇಲ್ಲ. ಆರ್‌ಸಿಯಲ್ಲಿರುವ ಮಾಲೀಕ, ಪಾಲಿಸಿಯಲ್ಲಿರುವ ಹೆಸರು, ಗಾಡಿಯಲ್ಲಿದ್ದವನು, ಮೂರೂ ಒಬ್ಬನೇ ಆಗಿರಬೇಕು. ಅವನ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸೂ ಇರಬೇಕು, ಕುಡಿದಿರಬಾರದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು ಆರ್‌ಸಿ ಬದಲಿಸದೆ ಓಡಿಸುವವರ ಕಥೆಯೂ ಇದೇ.

ಮನೆಯಲ್ಲಿ ನಿಮ್ಮದೇ ಹೆಸರಿನ ಎರಡು ಗಾಡಿಗಳಿದ್ದರೆ ಎರಡೂ ಪಾಲಿಸಿಯಲ್ಲಿ ಇದಕ್ಕೆ ಹಣ ಕಟ್ಟಬೇಡಿ. 2019ರಿಂದ ಈ ಕವರ್ ಬೇರೆಯಾಗಿಯೇ ಸಿಗುತ್ತದೆ, ಒಂದು ಸಾಕು. ಸಾವಿಗೂ ಶಾಶ್ವತ ವೈಕಲ್ಯಕ್ಕೂ 15 ಲಕ್ಷಕ್ಕೆ ಕಡಿಮೆಯಿಲ್ಲದ ಅಪಘಾತ ವಿಮೆ ಮೊದಲೇ ಇದ್ದರೆ ಅದನ್ನು ತಿಳಿಸಿ ಈ ಸಾಲನ್ನು ಬಿಡಿಸಬಹುದು. ಆ ವಿಮೆಯಲ್ಲಿ ಭಾಗಶಃ ವೈಕಲ್ಯವೂ ಸೇರಿರುವುದರಿಂದ, ಊರುಗೋಲಿನ ಅವರಿಗೆ ಅದಿದ್ದಿದ್ದರೆ ಕುಂಟಿಗೂ ಏನಾದರೂ ಕೇಳಲು ದಾರಿ ಇರುತ್ತಿತ್ತು.