ತಪ್ಪಿದ ಬಿಟ್ಟಿನ ಗುರುತು ಕಂಬಸಾಲಿನಲ್ಲಿದೆ

ಮೆಮೊರಿ ಸರ್ಕ್ಯೂಟ್‌ಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ವಿನ್ಯಾಸದಲ್ಲಿ ಒಂದೊಂದೇ ಬಿಟ್ಟನ್ನು ಬೇಕೆಂದೇ ಕೆಡಿಸಿ ನೋಡಿದೆವು. ಪ್ರತಿ ಸಲವೂ ‘ದೋಷವಿದೆ’ ಎಂಬ ಸೂಚನೆ ಬಂತು, ನಿರಾಳವಾದೆವು. ಆಮೇಲೆ ಗೊತ್ತಾಯಿತು, ಒಂದು ನಿರ್ದಿಷ್ಟ ಬಿಟ್ ಕೆಟ್ಟರೆ ಸರ್ಕ್ಯೂಟ್ ಅದನ್ನು ಬಿಟ್ಟು ಬೇರೊಂದನ್ನು ತಿದ್ದುತ್ತಿತ್ತು. ಎರಡು ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿತು: ಪ್ಯಾರಿಟಿ ಚೆಕ್ ಮಾತೃಕೆಯನ್ನು ನಕಲು ಮಾಡುವಾಗ ಎರಡು ಕಂಬಸಾಲುಗಳು ಒಂದೇ ಆಗಿಬಿಟ್ಟಿದ್ದವು.

ಈ ತಪ್ಪು ಏಕೆ ಅಷ್ಟು ಹೊತ್ತು ಅಡಗಿತ್ತು ಎಂದು ತಿಳಿಯಲು ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಏಳು ಬಿಟ್ಟುಗಳ ಕೋಡ್ ಸಾಕು. ಅದರ ಮಾತೃಕೆ ಹೀಗಿದೆ:

```
      1 2 3 4 5 6 7
H =   0 0 0 1 1 1 1
      0 1 1 0 0 1 1
      1 0 1 0 1 0 1
```

ಮೇಲಿನ ಸಾಲಿನಲ್ಲಿರುವುದು ಬಿಟ್ಟುಗಳ ಸ್ಥಾನ. ಪ್ರತಿ ಅಡ್ಡಸಾಲೂ ಒಂದು ನಿಯಮ: ಅದರಲ್ಲಿ 1 ಇರುವ ಸ್ಥಾನಗಳ ಬಿಟ್ಟುಗಳನ್ನು ಕೂಡಿದರೆ ಮೊತ್ತ ಸಮಸಂಖ್ಯೆಯಾಗಬೇಕು. 3, 5, 6, 7ನೇ ಸ್ಥಾನಗಳಲ್ಲಿ ನಮ್ಮ ದತ್ತಾಂಶವಿರುತ್ತದೆ. 1, 2, 4ನೇ ಸ್ಥಾನಗಳನ್ನು ಈ ನಿಯಮಗಳಿಗೆ ಹೊಂದುವಂತೆ ತುಂಬುತ್ತೇವೆ. ದತ್ತಾಂಶ 1001 ಆದರೆ ಕಳುಹಿಸುವ ಪದ 0011001. ಮೂರೂ ನಿಯಮಗಳನ್ನು ಕೈಯಲ್ಲೇ ಎಣಿಸಿ ನೋಡಿ, ಮೂರರಲ್ಲೂ ಮೊತ್ತ 2 ಬರುತ್ತದೆ.

ದಾರಿಯಲ್ಲಿ ಆರನೇ ಬಿಟ್ ತಿರುಗಿ 0011011 ಬಂದಿತು ಎನ್ನೋಣ. ಮೊದಲ ನಿಯಮದ ಮೊತ್ತ 3, ಎರಡನೆಯದರದ್ದೂ 3, ಮೂರನೆಯದರದ್ದು ಮಾತ್ರ 2. ಬೆಸಕ್ಕೆ 1, ಸಮಕ್ಕೆ 0 ಬರೆದರೆ 110. ಇದೇ ಸಿಂಡ್ರೋಮ್. ಇದು ಆರನೇ ಕಂಬಸಾಲೇ ಆಗಿದೆ. ದ್ವಿಮಾನದಲ್ಲಿ ಓದಿದರೂ ಇದರ ಬೆಲೆ 6, ಏಕೆಂದರೆ ಹ್ಯಾಮಿಂಗ್ ಕಂಬಸಾಲುಗಳನ್ನು ಹಾಗೆಯೇ ಜೋಡಿಸಿದ್ದರು.

ಇದು ಕಾಕತಾಳೀಯವಲ್ಲ. ಬಂದ ಪದವೆಂದರೆ ಕಳುಹಿಸಿದ ಪದ ಮತ್ತು ದೋಷ, ಇವೆರಡರ ಮೊತ್ತ. ಇಲ್ಲಿ ಬಿಟ್ಟಿಗೆ ಬಿಟ್ಟನ್ನು ಕೂಡುತ್ತೇವೆ, 1ಕ್ಕೆ 1 ಸೇರಿದರೆ 0, ಪಕ್ಕದ ಸ್ಥಾನಕ್ಕೆ ಏನೂ ಒಯ್ಯುವುದಿಲ್ಲ. ಕಳುಹಿಸಿದ ಪದ ಎಲ್ಲ ನಿಯಮಗಳನ್ನೂ ಪಾಲಿಸುವುದರಿಂದ ಅದರ ಪಾಲು ಸೊನ್ನೆ. ಉಳಿಯುವುದು ದೋಷದ ಪಾಲು ಮಾತ್ರ. ದತ್ತಾಂಶ ಏನೇ ಇರಲಿ, ಒಂದೇ ಬಿಟ್ ಕೆಟ್ಟರೆ ಸಿಂಡ್ರೋಮ್ ಆಗಿ ಕಾಣುವುದು ಆ ಬಿಟ್ಟಿನ ಕಂಬಸಾಲು. ಹದಿನಾರು ಬಗೆಯ ದತ್ತಾಂಶಕ್ಕೂ ಒಂದೇ ಪಟ್ಟಿ ಸಾಕಾಗುವುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ನಮ್ಮ ತಪ್ಪು ಅಡಗಿದ್ದುದೂ ಇಲ್ಲೇ. ಒಂದು ಬಿಟ್ಟಿನ ದೋಷ ಪತ್ತೆಯಾಗಲು ಯಾವ ಕಂಬಸಾಲೂ ಪೂರ್ತಿ ಸೊನ್ನೆಯಾಗಿರಬಾರದು, ಅಷ್ಟೇ. ಆದರೆ ಅದು ಎಲ್ಲಿದೆ ಎಂದು ಹೇಳಲು ಎಲ್ಲ ಕಂಬಸಾಲುಗಳೂ ಬೇರೆಬೇರೆಯಾಗಿರಬೇಕು. ಒಂದೇ ರೀತಿಯ ಎರಡು ಕಂಬಸಾಲುಗಳಿದ್ದರೂ ಸಿಂಡ್ರೋಮ್ ಸೊನ್ನೆಯಾಗುವುದಿಲ್ಲ, ಹಾಗಾಗಿ ಸೂಚನೆ ಸರಿಯಾಗಿಯೇ ಬರುತ್ತಿತ್ತು. ನಾವು ನೋಡಿದ್ದು ಸೂಚನೆಯನ್ನು, ತಿದ್ದಿ ಬಂದ ಪದವನ್ನಲ್ಲ.

ಎರಡು ಬಿಟ್ಟುಗಳು ಕೆಟ್ಟಾಗ ಏನಾಗುತ್ತದೆ ಎಂಬುದು ಇನ್ನೂ ಗಂಭೀರ. ಅದೇ ಪದದಲ್ಲಿ 3 ಮತ್ತು 6ನೇ ಬಿಟ್ಟುಗಳು ತಿರುಗಿ 0001011 ಬಂದರೆ ಸಿಂಡ್ರೋಮ್ ಆ ಎರಡು ಕಂಬಸಾಲುಗಳ ಮೊತ್ತ: 011 ಮತ್ತು 110 ಕೂಡಿ 101. ಇದು ಐದನೇ ಕಂಬಸಾಲು. ಸರ್ಕ್ಯೂಟ್ ಐದನೇ ಬಿಟ್ಟನ್ನು ತಿರುಗಿಸಿ 0001111 ಕೊಡುತ್ತದೆ. ಅದು ಮೂರೂ ನಿಯಮಗಳನ್ನು ಪಾಲಿಸುವ ಪದವೇ ಆದರೂ ಅದರಲ್ಲಿರುವ ದತ್ತಾಂಶ 0111. ಎರಡು ತಪ್ಪುಗಳು ಮೂರಾದವು, ಮೇಲಾಗಿ ‘ಸರಿಪಡಿಸಲಾಗಿದೆ’ ಎಂಬ ವರದಿಯೂ ಬಂತು.

ಇದನ್ನು ತಡೆಯಲು ಎಂಟನೇ ಬಿಟ್ ಸೇರಿಸಿ, ಪೂರ್ತಿ ಪದದಲ್ಲಿ 1ಗಳ ಸಂಖ್ಯೆ ಸಮವಾಗುವಂತೆ ಮಾಡುತ್ತಾರೆ. ನಮ್ಮ ಪದ 00110011 ಆಗುತ್ತದೆ. ಒಂದು ಬಿಟ್ ಕೆಟ್ಟರೆ ಒಟ್ಟು ಸಂಖ್ಯೆ ಬೆಸವಾಗುತ್ತದೆ, ಆಗ ತಿದ್ದಬಹುದು. ಒಟ್ಟು ಸಮವೇ ಇದ್ದು ಮೂರು ನಿಯಮಗಳ ಸಿಂಡ್ರೋಮ್ ಸೊನ್ನೆಯಲ್ಲದಿದ್ದರೆ ಕನಿಷ್ಠ ಎರಡು ಕೆಟ್ಟಿವೆ. ಆಗ ಕೈಹಾಕದೆ ದೋಷವನ್ನು ವರದಿ ಮಾಡಬೇಕು. ಮೂರು ಕೆಟ್ಟರೆ ಒಟ್ಟು ಮತ್ತೆ ಬೆಸವಾಗುತ್ತದೆ, ಸರ್ಕ್ಯೂಟ್ ಅದನ್ನು ಒಂದೆಂದೇ ತಿಳಿದು ತಪ್ಪಾಗಿ ತಿದ್ದುತ್ತದೆ. ಈ ಕೋಡಿನ ಮಿತಿ ಅಲ್ಲಿಗೆ ಮುಗಿಯುತ್ತದೆ.

ಸರ್ವರ್‌ಗಳ ಮೆಮೊರಿಯಲ್ಲಿ 64 ಬಿಟ್ ದತ್ತಾಂಶಕ್ಕೆ 8 ಬಿಟ್ ಸೇರಿಸಿ 72 ಮಾಡುವ ರೂಢಿಯ ಹಿಂದೆ ಇರುವುದೂ ಇದೇ ಲೆಕ್ಕ. ಅಂದಿನಿಂದ ನಾವು ಪರೀಕ್ಷಿಸುವ ಕ್ರಮ ಬದಲಾಯಿತು. 72 ಒಂಟಿ ದೋಷಗಳಲ್ಲಿ ಪ್ರತಿಯೊಂದಕ್ಕೂ ತಿದ್ದಿ ಬಂದ ಪದವನ್ನು ಮೂಲದೊಂದಿಗೆ ಬಿಟ್ ಬಿಟ್ಟಾಗಿ ಹೋಲಿಸುತ್ತೇವೆ. ಬಳಿಕ 2556 ಜೋಡಿಗಳನ್ನೂ ಕೆಡಿಸಿ, ಒಂದರಲ್ಲಾದರೂ ಸರ್ಕ್ಯೂಟ್ ತಿದ್ದಲು ಹೊರಟಿತೇ ಎಂದು ನೋಡುತ್ತೇವೆ. ದತ್ತಾಂಶವನ್ನು ಬದಲಿಸಿ ಬದಲಿಸಿ ನೋಡುವುದಕ್ಕೆ ಆಮೇಲಿನ ಸ್ಥಾನ.